ಗ್ಯಾಂಟ್ ಚಾರ್ಟ್‌ನ ಬಾಣಗಳು: ಗಂಗಾವತಿಯ ರೈಸ್ ಮಿಲ್ ಸಾಫ್ಟ್‌ವೇರ್ 27 ದಿನದಿಂದ 21ಕ್ಕೆ ಇಳಿದ ಲೆಕ್ಕ

ಗಂಗಾವತಿಯ ಒಂದು ರೈಸ್ ಮಿಲ್‌ಗೆ ಭತ್ತ ಖರೀದಿಯ ಸಾಫ್ಟ್‌ವೇರ್ ಬೇಕು ಅಂದುಕೊಳ್ಳಿ. ಈಗ ಅಲ್ಲಿ ಎಲ್ಲವೂ ಕಾಗದದಲ್ಲೇ ನಡೆಯುತ್ತದೆ. ಲಾರಿ ಬಂದಾಗ ತೂಕದ ಚೀಟಿ ಬರೆಯುತ್ತಾರೆ. ತೇವಾಂಶ ನೋಡಿ ಒಂದಿಷ್ಟು ಕಡಿತ ಮಾಡುತ್ತಾರೆ. ಹಮಾಲಿ ಕಳೆದು ರೈತರಿಗೆ ಬಿಲ್ ಕೊಡುತ್ತಾರೆ. ಆಮೇಲೆ ಗುಮಾಸ್ತರು ಅದನ್ನೆಲ್ಲ ಖಾತೆ ಪುಸ್ತಕಕ್ಕೆ ಏರಿಸುತ್ತಾರೆ. ನವೆಂಬರ್‌ನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಕಟಾವು ಶುರುವಾದರೆ ಮಿಲ್ ಮುಂದೆ ಲಾರಿ, ಟ್ರಾಕ್ಟರ್‌ಗಳ ಸಾಲು ನಿಲ್ಲುತ್ತದೆ. ಆಗ ಹೊಸ ಸಾಫ್ಟ್‌ವೇರ್ ಕಲಿಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಆದ್ದರಿಂದ ಅಷ್ಟರೊಳಗೆ ಕೆಲಸ ಮುಗಿಯಲೇಬೇಕು.

ಕೆಲಸ ಮಾಡುವವರು ಮೂವರು. ಒಬ್ಬರು ಮಿಲ್ಲಿನವರ ಜೊತೆ ಮಾತಾಡಿ ಏನು ಬೇಕೆಂದು ಬರೆದುಕೊಂಡು ಡೇಟಾಬೇಸ್ ರೂಪಿಸುತ್ತಾರೆ. ಇನ್ನೊಬ್ಬರು ಕೋಡ್ ಬರೆಯುತ್ತಾರೆ, ಮತ್ತೊಬ್ಬರು ಟೆಸ್ಟ್ ಮಾಡುತ್ತಾರೆ. ವಾರಕ್ಕೆ ಆರು ದಿನ ಕೆಲಸ, ಭಾನುವಾರ ರಜೆ. ಇಂಥ ಸಣ್ಣ ಕೆಲಸಕ್ಕೂ ಗ್ಯಾಂಟ್ ಚಾರ್ಟ್ ಹಾಕಬಹುದು, ಅಂದರೆ ಒಂದೊಂದು ಕೆಲಸವನ್ನೂ ದಿನಗಳ ಉದ್ದಕ್ಕೆ ಒಂದು ಪಟ್ಟಿಯಾಗಿ ಎಳೆದು ತೋರಿಸುವ ಚಿತ್ರ. ಆದರೆ ಸುಮ್ನೆ ಬಣ್ಣಬಣ್ಣದ ಪಟ್ಟಿ ಎಳೆದಿಟ್ಟರೆ ಅದು ಗೋಡೆಗೆ ಅಂಟಿಸುವ ಚಿತ್ರ, ಅಷ್ಟೆ. ಒಂದು ಕೆಲಸ ತಡವಾದರೆ ಉಳಿದವು ಎಷ್ಟು ಸರಿಯಬೇಕು ಎಂದು ಹೇಳುವುದು ಪಟ್ಟಿಗಳ ನಡುವಿನ ಬಾಣಗಳು. ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರ್ 1910ರ ದಶಕದಲ್ಲಿ ಈ ಚಾರ್ಟ್‌ಗಳನ್ನು ಬಳಕೆಗೆ ತಂದಾಗ ಇದ್ದದ್ದು ಪಟ್ಟಿಗಳು ಮಾತ್ರ. ಯಾವ ಕೆಲಸಕ್ಕೆ ಯಾವುದು ಕಾಯಬೇಕು ಎಂಬ ಸಂಬಂಧದ ಲೆಕ್ಕ ಬೆಳೆದದ್ದು ಅದರ ನಂತರ. ಸ್ಟ್ಯಾನ್‌ಫರ್ಡ್‌ನ ಜಾನ್ ಫೊಂಡಾಲ್ 1961ರಲ್ಲಿ ಮಾಡಿದ ಕೆಲಸ ಅದರಲ್ಲಿ ಮುಖ್ಯವಾದದ್ದು. ಇವತ್ತಿನ ಸಾಫ್ಟ್‌ವೇರ್‌ಗಳು ಎರಡನ್ನೂ ಒಂದೇ ಪರದೆಯ ಮೇಲೆ ತೋರಿಸುತ್ತವೆ.

ನಮಗೆ ಬೇಕಾದವು ಮೂರು. ಫಿನಿಶ್-ಟು-ಸ್ಟಾರ್ಟ್, ಅಂದರೆ ಎಫ್‌ಎಸ್: ಮೊದಲನೆಯದು ಮುಗಿದ ಮೇಲೆಯೇ ಎರಡನೆಯದು ಶುರು. ಸ್ಟಾರ್ಟ್-ಟು-ಸ್ಟಾರ್ಟ್, ಅಂದರೆ ಎಸ್‌ಎಸ್: ಮೊದಲನೆಯದು ಶುರುವಾದ ಮೇಲೆ ಎರಡನೆಯದು ಶುರುವಾಗಬಹುದು, ಅದು ಮುಗಿಯುವವರೆಗೆ ಕಾಯಬೇಕಿಲ್ಲ. ಮೂರನೆಯದು ಲ್ಯಾಗ್: ಈ ಎರಡರ ಮೇಲೂ ಸೇರಿಸಬಹುದಾದ ಕಾಯುವ ಸಮಯ. ಭತ್ತ ಬೆಳೆಯುವವರಿಗೆ ಇದು ಹೊಸದಲ್ಲ. ಸಸಿ ಮಡಿಯಲ್ಲಿ ಬೀಜ ಚೆಲ್ಲಿ ಮುಗಿದ ಮೇಲೆ ಸಸಿ ಬೆಳೆಯಲು ಇಪ್ಪತ್ತೈದು ದಿನ ಬಿಟ್ಟು ನಾಟಿಗೆ ಕೈ ಹಾಕುತ್ತಾರೆ. ಅದು ಲ್ಯಾಗ್ ಇರುವ ಎಫ್‌ಎಸ್. ನಾಟಿಯ ದಿನ ಒಂದು ಗುಂಪು ಸಸಿ ಕೀಳುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೊಂದು ಗುಂಪು ನೆಡಲು ಇಳಿಯುತ್ತದೆ. ಅದು ಎಸ್‌ಎಸ್.

ಈಗ ಮಿಲ್ಲಿನ ಕೆಲಸಕ್ಕೆ ಬರೋಣ. ಮೊದಲ ಅಂದಾಜಿನಲ್ಲಿ ಎಲ್ಲವನ್ನೂ ಒಂದರ ಹಿಂದೆ ಒಂದು ಇಡೋಣ. ಇಂಥ ಚಾರ್ಟ್ ಹಾಕುವ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಎಂಬ ಸಾಫ್ಟ್‌ವೇರ್‌ನಲ್ಲಿ `Predecessors` ಎಂಬ ಕಾಲಂ ಇದೆ. ಯಾವ ಕೆಲಸಕ್ಕೆ ಕಾಯಬೇಕೋ ಅದರ ಸಾಲಿನ ಸಂಖ್ಯೆಯನ್ನು ಅಲ್ಲಿ ಹಾಕಬೇಕು. ಬರೀ ಸಂಖ್ಯೆ ಹಾಕಿದರೆ ಎಫ್‌ಎಸ್ ಎಂದೇ ಅರ್ಥ. ಕೆಳಗೆ `3d` ಎಂದರೆ ಮೂರು ದಿನದ ಅವಧಿ, ಸಾಲಿನ ಕೊನೆಯಲ್ಲಿರುವುದು ಆ ಕಾಲಂನ ಸಂಖ್ಯೆ.

```
1  ಮಾಹಿತಿ ಸಂಗ್ರಹ    3d
2  ಡೇಟಾಬೇಸ್         2d    1
3  ಕೋಡಿಂಗ್          10d   2
4  ಟೆಸ್ಟಿಂಗ್          8d    3
5  ಮಿಲ್‌ನಲ್ಲಿ ಟ್ರಯಲ್    4d    4
```

ಕೆಲಸದ ದಿನಗಳನ್ನು 1, 2, 3 ಎಂದು ಎಣಿಸುತ್ತಾ ಹೋಗೋಣ. ಮಾಹಿತಿ ಸಂಗ್ರಹ 1ರಿಂದ 3. ಡೇಟಾಬೇಸ್ 4 ಮತ್ತು 5. ಕೋಡಿಂಗ್ 6ರಿಂದ 15. ಟೆಸ್ಟಿಂಗ್ 16ರಿಂದ 23. ಟ್ರಯಲ್ 24ರಿಂದ 27. ಸೋಮವಾರ ಶುರುಮಾಡಿದರೆ ಐದನೇ ವಾರದ ಬುಧವಾರ ಮುಗಿಯುತ್ತದೆ.

ಈ ಚಾರ್ಟ್ ತಪ್ಪೇನಲ್ಲ. ಆದರೆ ಇದನ್ನು ನೋಡಿದ ಕೂಡಲೇ ಒಂದು ಪ್ರಶ್ನೆ ಏಳುತ್ತದೆ. ಟೆಸ್ಟ್ ಮಾಡುವವರು 15ನೇ ದಿನದವರೆಗೆ ಕೈ ಕಟ್ಟಿ ಕೂರಬೇಕಾ? ತೂಕದ ಚೀಟಿಯ ಸ್ಕ್ರೀನ್ ನಾಲ್ಕೇ ದಿನದಲ್ಲಿ ಸಿದ್ಧವಾಗುತ್ತದೆ. ಅದನ್ನು ಪರೀಕ್ಷಿಸಲು ಖಾತೆಯ ರಿಪೋರ್ಟ್ ಬರುವವರೆಗೆ ಕಾಯುವ ಅಗತ್ಯವಿಲ್ಲ, ಅಲ್ವಾ?

ಇಲ್ಲಿಗೆ ಎಸ್‌ಎಸ್ ಬರುತ್ತದೆ. 4ನೇ ಸಾಲಿನಲ್ಲಿ `3` ತೆಗೆದು ಹೀಗೆ ಬರೆಯುತ್ತೇವೆ:

```
3SS+4d
```

ಕೋಡಿಂಗ್ ಶುರುವಾಗಿ ನಾಲ್ಕು ಕೆಲಸದ ದಿನ ಕಳೆದ ಮೇಲೆ ಟೆಸ್ಟಿಂಗ್ ಶುರುವಾಗಬಹುದು ಎಂದು ಇದರ ಅರ್ಥ. ಕೋಡಿಂಗ್ 6ನೇ ದಿನ ಬೆಳಗ್ಗೆ ಶುರು. 6, 7, 8, 9 ಈ ನಾಲ್ಕು ದಿನ ಲ್ಯಾಗ್‌ಗೆ ಹೋದವು. ಟೆಸ್ಟಿಂಗ್ 10ನೇ ದಿನ ಬೆಳಗ್ಗೆ ಶುರುವಾಗಿ 17ಕ್ಕೆ ಮುಗಿಯುತ್ತದೆ. ಟ್ರಯಲ್ 18ರಿಂದ 21. ಆರು ದಿನ, ಅಂದರೆ ನಮ್ಮ ಲೆಕ್ಕದಲ್ಲಿ ಪೂರ್ತಿ ಒಂದು ವಾರ ಉಳಿಯಿತು. ಯಾರೂ ಜಾಸ್ತಿ ಹೊತ್ತು ದುಡಿಯಬೇಕಿಲ್ಲ, ಹೊಸಬರನ್ನು ಸೇರಿಸಿಕೊಂಡೂ ಇಲ್ಲ. ಒಂದು ಬಾಣ ಬದಲಾಯಿತು, ಅಷ್ಟೆ.

ಇಷ್ಟಕ್ಕೇ ಖುಷಿಪಟ್ಟು ನಿಲ್ಲಿಸುವವರೇ ಹೆಚ್ಚು. ಆದರೆ ಈ ಬಾಣದಲ್ಲಿ ಒಂದು ತೂತಿದೆ. ಅದನ್ನು ನೋಡಲು ಕೋಡಿಂಗ್ ಅವಧಿಯನ್ನು 10ರಿಂದ 15 ದಿನಕ್ಕೆ ಏರಿಸಿ ನೋಡಿ. ಈಗ ಕೋಡಿಂಗ್ ಮುಗಿಯುವುದು 20ನೇ ದಿನ. ಟೆಸ್ಟಿಂಗ್ ಮಾತ್ರ ಕದಲುವುದೇ ಇಲ್ಲ. ಅದು ಮೊದಲಿನ ಹಾಗೆ 10ರಿಂದ 17. ಟ್ರಯಲ್ ಕೂಡ 18ರಿಂದ 21. ಅಂದರೆ ಕೋಡ್ ಇನ್ನೂ ಬರೆಯುತ್ತಿರುವಾಗಲೇ ಟೆಸ್ಟಿಂಗ್ ಮುಗಿದು, ಸಾಫ್ಟ್‌ವೇರ್ ಮಿಲ್ಲಿಗೆ ಹೋಗಿ ಎರಡು ದಿನ ಓಡಿರುತ್ತದೆ! ಪರದೆಯ ಮೇಲೆ ಎಲ್ಲೂ ಎಚ್ಚರಿಕೆ ಬರುವುದಿಲ್ಲ. ಚಾರ್ಟ್ ನಾವು ಹೇಳಿದ್ದನ್ನು ಸರಿಯಾಗಿಯೇ ಮಾಡಿದೆ. ನಾವು ಹೇಳಿದ್ದು ಎರಡು ಶುರುಗಳ ನಡುವಿನ ಸಂಬಂಧವನ್ನು ಮಾತ್ರ. ಕೋಡಿಂಗ್‌ನ ಕೊನೆ ಯಾವುದಕ್ಕೂ ಕಟ್ಟಿಲ್ಲ, ಗಾಳಿಯಲ್ಲಿ ತೂಗಾಡುತ್ತಿದೆ.

ಎಸ್‌ಎಸ್ ಬಾಣ ಇರುವ ಯಾವ ಚಾರ್ಟ್ ಕೈಗೆ ಬಂದರೂ ಇದನ್ನೇ ಮೊದಲು ಹುಡುಕಬೇಕು. ಪ್ರತಿ ಪಟ್ಟಿಯ ಬಲ ತುದಿಯಿಂದ ಒಂದಾದರೂ ಬಾಣ ಹೊರಟಿದೆಯೇ ನೋಡಿ. ಕಟ್ಟಕಡೆಯ ಕೆಲಸವೊಂದನ್ನು ಬಿಟ್ಟು ಬೇರೆ ಯಾವುದರ ಬಲ ತುದಿ ಬರಿದಾಗಿದ್ದರೂ ಆ ಕೆಲಸ ಎಷ್ಟು ತಡವಾದರೂ ಚಾರ್ಟ್‌ಗೆ ಗೊತ್ತಾಗುವುದಿಲ್ಲ. ಬಾಣಗಳು ಒಂದರ ಮೇಲೊಂದು ಬಿದ್ದು ಗೋಜಲಾಗಿದ್ದರೆ ಈಗ ಮಾಡಿದಂತೆ ಮಾಡಿ. ಒಂದು ಕೆಲಸದ ಅವಧಿಯನ್ನು ಸುಮ್ನೆ ದೊಡ್ಡದು ಮಾಡಿ, ಕೊನೆಯ ದಿನಾಂಕ ಕದಲುತ್ತದೆಯೇ ನೋಡಿ, ಆಮೇಲೆ ಹಳೆಯದಕ್ಕೆ ವಾಪಸ್ ಮಾಡಿ. ಅದಕ್ಕೆ ಒಂದು ನಿಮಿಷ ಸಾಕು.

ತೂತು ಮುಚ್ಚಲು ಎರಡು ದಾರಿ ಇವೆ. ಪುಸ್ತಕಗಳು ಹೇಳುವ ದಾರಿ ಮೊದಲು. ಕೊನೆಗಳನ್ನೂ ಕಟ್ಟಿಬಿಡುವುದು. ಇದಕ್ಕೆ ಫಿನಿಶ್-ಟು-ಫಿನಿಶ್, ಎಫ್‌ಎಫ್ ಎಂದು ಹೆಸರು. ಕೋಡಿಂಗ್ ಮುಗಿದು ಕಡಿಮೆಯೆಂದರೂ ಎರಡು ದಿನ ಆಗುವವರೆಗೆ ಟೆಸ್ಟಿಂಗ್ ಮುಗಿಯಬಾರದು ಎಂಬ ಷರತ್ತು ಹಾಕುತ್ತೇವೆ. ಎಲ್ಲ ಅಂದುಕೊಂಡಂತೆ ನಡೆದರೆ ಕೋಡಿಂಗ್ 15ಕ್ಕೆ, ಟೆಸ್ಟಿಂಗ್ 17ಕ್ಕೆ ಮುಗಿಯುತ್ತದೆ. ಷರತ್ತು ತಾನಾಗಿ ಪಾಲನೆಯಾಗಿದೆ, ಏನೂ ಬದಲಾಗುವುದಿಲ್ಲ. ಕೋಡಿಂಗ್ 20ಕ್ಕೆ ಹೋದರೆ ಟೆಸ್ಟಿಂಗ್ 22ಕ್ಕೆ ಮುಗಿಯುತ್ತದೆ, ಟ್ರಯಲ್ 23ರಿಂದ 26. ಈಗ ಚಾರ್ಟ್ ನಿಜ ಹೇಳುತ್ತಿದೆ.

ಇಲ್ಲಿ ಎರಡು ತೊಡಕು ಎದುರಾಗುತ್ತವೆ. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಅದೇ ಎರಡು ಕೆಲಸಗಳ ನಡುವೆ ಎರಡು ಬಾಣ ಹಾಕಲು ಬರುವುದಿಲ್ಲ. ಎಸ್‌ಎಸ್ ಹಾಕಿದ ಜೋಡಿಗೆ ಎಫ್‌ಎಫ್ ಕೂಡ ಹಾಕಲು ಹೋದರೆ ಅದು ಒಪ್ಪುವುದಿಲ್ಲ. ಹಾಗಾಗಿ ನಡುವೆ ಶೂನ್ಯ ದಿನದ ಒಂದು ಮೈಲಿಗಲ್ಲು ಇಡಬೇಕು. ಅದಕ್ಕೆ ‘ಕೋಡಿಂಗ್ ಮುಗಿಯಿತು’ ಎಂದು ಹೆಸರಿಡೋಣ. ಅದು 6ನೇ ಸಾಲಾದರೆ, ಅದರ ಹಿಂದಿನ ಕೆಲಸ 3. ಟೆಸ್ಟಿಂಗ್‌ನ ಸಾಲಿನಲ್ಲಿ ಹೀಗೆ ಬರುತ್ತದೆ:

```
3SS+4d,6FF+2d
```

ಎರಡನೆಯ ತೊಡಕು ಪರದೆಯ ಮೇಲೆ ಕಾಣುತ್ತದೆ. ಟೆಸ್ಟಿಂಗ್ 22ಕ್ಕೆ ಮುಗಿಯಬೇಕು, ಅವಧಿ 8 ದಿನ. ಆದ್ದರಿಂದ ಸಾಫ್ಟ್‌ವೇರ್ ಇಡೀ ಪಟ್ಟಿಯನ್ನೇ ಬಲಕ್ಕೆ ತಳ್ಳಿ 15ರಿಂದ 22ಕ್ಕೆ ಕೂರಿಸುತ್ತದೆ. ಯೋಜನೆಯ ಹಂತದಲ್ಲಿ ಇದರಿಂದ ತೊಂದರೆ ಇಲ್ಲ. ಆದರೆ ಟೆಸ್ಟ್ ಮಾಡುವವರು 10ನೇ ದಿನವೇ ಚೀಟಿಯ ಸ್ಕ್ರೀನ್ ನೋಡಲು ಕೂರಬಹುದಿತ್ತು ಎಂಬ ಮಾತು ಚಾರ್ಟ್‌ನಿಂದ ಮಾಯವಾಗುತ್ತದೆ. ಅವರು ಬಂದು ‘15ರವರೆಗೆ ನನಗೆ ಕೆಲಸ ಇಲ್ವಾ?’ ಎಂದು ಕೇಳಿದರೆ ಅವರದ್ದೇನೂ ತಪ್ಪಿಲ್ಲ.

ಅದಕ್ಕಿಂತ ದೊಡ್ಡ ಸಮಸ್ಯೆಯನ್ನು ಎಫ್‌ಎಫ್ ಮುಟ್ಟುವುದೇ ಇಲ್ಲ. ಲ್ಯಾಗ್ ಎಣಿಸುವುದು ದಿನಗಳನ್ನು. ಆಗಿರುವ ಕೆಲಸವನ್ನಲ್ಲ. ನಾವು ನಾಲ್ಕು ದಿನದ ಲ್ಯಾಗ್ ಹಾಕಿದ್ದು ನಾಲ್ಕು ದಿನದಲ್ಲಿ ತೂಕದ ಚೀಟಿಯ ಸ್ಕ್ರೀನ್ ಸಿದ್ಧವಾಗುತ್ತದೆ ಎಂಬ ನಂಬಿಕೆಯಿಂದ. ಆ ನಂಬಿಕೆ ನಮ್ಮ ತಲೆಯಲ್ಲಿ ಮಾತ್ರ ಇದೆ. ಚಾರ್ಟ್‌ನಲ್ಲಿ ಅದನ್ನು ಎಲ್ಲೂ ಬರೆದಿಲ್ಲ. ಕೋಡ್ ಬರೆಯುವವರು ಮೊದಲ ನಾಲ್ಕು ದಿನ ಲಾಗಿನ್, ಸರ್ವರ್ ಎಂದು ಕಳೆದರು ಅಂದುಕೊಳ್ಳಿ. 10ನೇ ದಿನ ಬೆಳಗ್ಗೆ ಚಾರ್ಟ್ ಪ್ರಕಾರ ಟೆಸ್ಟಿಂಗ್ ಶುರು. ಟೆಸ್ಟ್ ಮಾಡಲು ಏನೂ ಇಲ್ಲ. ನಾಲ್ಕರ ಬದಲು `3SS+40%` ಎಂದು ಶೇಕಡಾವಾರು ಬರೆಯಬಹುದು, ಅದೂ ಇದೇ ಜಾತಿಯದ್ದು. ಅದು ಹಿಂದಿನ ಕೆಲಸದ ಅವಧಿಯ ಶೇ. 40, ಅಂದರೆ ಇಲ್ಲಿ ಅದೇ ನಾಲ್ಕು ದಿನ. ಶೇ. 40ರಷ್ಟು ಕೋಡ್ ಆಗಿದೆ ಎಂದು ಅದರ ಅರ್ಥವಲ್ಲ. ಬಹಳ ಜನ ಇಲ್ಲೇ ಎಡವುತ್ತಾರೆ.

ಎರಡನೇ ದಾರಿ ಎಸ್‌ಎಸ್‌ನ ಹಿಂದಿರುವ ನಂಬಿಕೆಯನ್ನು ಹೊರಗೆ ಎಳೆದು ಅದಕ್ಕೆ ಹೆಸರು ಕೊಡುವುದು. ಸಣ್ಣ ಸಾಫ್ಟ್‌ವೇರ್ ಕೆಲಸಕ್ಕೆ ನಾನು ಇದನ್ನೇ ಹೇಳುತ್ತೇನೆ. ಕೋಡಿಂಗ್ ಎಂಬ ಹತ್ತು ದಿನದ ದಪ್ಪ ಪಟ್ಟಿಯನ್ನು ಒಡೆಯಿರಿ. ತೂಕದ ಚೀಟಿ 4 ದಿನ, ಖರೀದಿ ಬಿಲ್ 3 ದಿನ, ಖಾತೆ ಮತ್ತು ರಿಪೋರ್ಟ್ 3 ದಿನ. ಟೆಸ್ಟಿಂಗ್ ಅನ್ನೂ ಹಾಗೆಯೇ 3, 3, 2 ದಿನಗಳಾಗಿ ಒಡೆಯಿರಿ. ಒಟ್ಟು ಮೊತ್ತ ಅಷ್ಟೇ, ಹತ್ತು ಮತ್ತು ಎಂಟು. ಈಗ ಎಲ್ಲ ಬಾಣವೂ ಸಾದಾ ಎಫ್‌ಎಸ್.

```
3  ಚೀಟಿ ಕೋಡ್       4d   2
4  ಬಿಲ್ ಕೋಡ್        3d   3
5  ಖಾತೆ ಕೋಡ್       3d   4
6  ಚೀಟಿ ಟೆಸ್ಟ್        3d   3
7  ಬಿಲ್ ಟೆಸ್ಟ್         3d   4,6
8  ಖಾತೆ ಟೆಸ್ಟ್        2d   5,7
9  ಮಿಲ್‌ನಲ್ಲಿ ಟ್ರಯಲ್    4d   8
```

ಲೆಕ್ಕ ಹಾಕೋಣ. ಚೀಟಿಯ ಕೋಡ್ 6ರಿಂದ 9. ಬಿಲ್ಲಿನದು 10ರಿಂದ 12, ಅದೇ ಮೂರು ದಿನ ಚೀಟಿಯ ಟೆಸ್ಟ್. ಖಾತೆಯ ಕೋಡ್ 13ರಿಂದ 15, ಅದೇ ಹೊತ್ತಿಗೆ ಬಿಲ್ಲಿನ ಟೆಸ್ಟ್. ಖಾತೆಯ ಟೆಸ್ಟ್ 16 ಮತ್ತು 17. ಟ್ರಯಲ್ 18ರಿಂದ 21. ಎಸ್‌ಎಸ್ ಹಾಕಿದಾಗ ಸಿಕ್ಕ ಅದೇ 21ನೇ ದಿನ. ಆದರೆ ಈಗ ಟೆಸ್ಟ್ ಯಾವುದಕ್ಕೆ ಕಾಯುತ್ತಿದೆ ಎಂಬುದು ಹೆಸರು ಸಮೇತ ಕಾಣುತ್ತದೆ. ಬಿಲ್ಲಿನ ಟೆಸ್ಟ್‌ಗೆ ಎರಡು ಬಾಣ ಬಂದಿವೆ. ಒಂದು ಬಿಲ್ಲಿನ ಕೋಡ್‌ನಿಂದ, ಇನ್ನೊಂದು ಚೀಟಿಯ ಟೆಸ್ಟ್‌ನಿಂದ. ಎರಡರಲ್ಲಿ ಯಾವುದು ತಡವಾಗಿ ಮುಗಿಯುತ್ತದೋ ಅದರ ಮಾತು ನಡೆಯುತ್ತದೆ.

ಮುರಿಯುವುದೇನೋ ಸರಿ, ಮುರಿಯುವ ಜಾಗ ಸರಿಯಿರಬೇಕು. ಒಂದೊಂದು ತುಂಡೂ ಬೇರೆಯಾಗಿ ಟೆಸ್ಟ್ ಮಾಡಲು ಬರುವಂತಿರಬೇಕು. ತೂಕದ ಚೀಟಿ ಹಾಗಿದೆ. ಲಾರಿಯ ತುಂಬಿದ ತೂಕ, ಖಾಲಿ ತೂಕ, ತೇವಾಂಶದ ಕಡಿತ ಹಾಕಿದರೆ ನಿವ್ವಳ ತೂಕ ಸರಿಯಾಗಿ ಬರುತ್ತದೋ ಇಲ್ಲವೋ ಎಂದು ಬಿಲ್ ಇಲ್ಲದೆಯೂ ನೋಡಬಹುದು. ಅದರ ಬದಲು ಮೊದಲು ಎಲ್ಲ ಸ್ಕ್ರೀನ್‌ಗಳ ವಿನ್ಯಾಸ, ಆಮೇಲೆ ಎಲ್ಲದರ ಹಿಂದಿನ ಕೋಡ್ ಎಂದು ಅಡ್ಡಡ್ಡಲಾಗಿ ಒಡೆದರೆ ಕೊನೆಯ ತುಂಡು ಮುಗಿಯುವವರೆಗೆ ಟೆಸ್ಟ್ ಮಾಡಲು ಏನೂ ಸಿಗುವುದಿಲ್ಲ. ಹೆಸರಿಗೆ ಮಾತ್ರ ತುಂಡು, ಲೆಕ್ಕಕ್ಕೆ ಮತ್ತೆ 27 ದಿನವೇ.

ಈಗ ತಡವಾದಾಗ ಏನಾಗುತ್ತದೆ ನೋಡೋಣ. ಕೋಡಿಂಗ್ ಮತ್ತು ಟೆಸ್ಟಿಂಗ್ ಒಟ್ಟಿಗೆ ನಡೆದಾಗ ಮೊದಲು ಎದುರಾಗುವುದು ಈ ತಾಪತ್ರಯವೇ. 11ನೇ ದಿನ ಚೀಟಿಯ ಟೆಸ್ಟ್‌ನಲ್ಲಿ ಒಂದು ದೋಷ ಸಿಗುತ್ತದೆ. ತೇವಾಂಶದ ಕಡಿತವನ್ನು ನಿವ್ವಳ ತೂಕದ ಮೇಲೆ ಲೆಕ್ಕ ಹಾಕುವ ಬದಲು ಲಾರಿಯನ್ನೂ ಸೇರಿಸಿದ ತೂಕದ ಮೇಲೆ ಹಾಕಲಾಗಿದೆ. ರೈತರಿಗೆ ನೇರವಾಗಿ ನಷ್ಟ ಮಾಡುವ ತಪ್ಪು, ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಸರಿಪಡಿಸಬೇಕಾದವರು ಅದೇ ಕೋಡ್ ಬರೆಯುವವರು, ಅವರು ಆಗಲೇ ಬಿಲ್ಲಿನ ಕೆಲಸಕ್ಕೆ ಕೂತಿದ್ದಾರೆ. ಎರಡು ದಿನ ಅಲ್ಲಿ ಹೋಯಿತು. ಮೂರು ದಿನದ ಬಿಲ್ ಕೋಡ್ ಐದು ದಿನವಾಯಿತು, 10ರಿಂದ 14.

ಚಾರ್ಟ್‌ನಲ್ಲಿ ಆ ಒಂದು ಅಂಕಿ ತಿದ್ದಿದರೆ ಉಳಿದದ್ದು ತಾನಾಗಿ ಸರಿಯುತ್ತದೆ. ಬಿಲ್ಲಿನ ಟೆಸ್ಟ್ ಮತ್ತು ಖಾತೆಯ ಕೋಡ್ ಎರಡೂ 15ರಿಂದ 17. ಖಾತೆಯ ಟೆಸ್ಟ್ 18, 19. ಟ್ರಯಲ್ 20ರಿಂದ 23. ಎರಡು ದಿನ ತಡ ಎಂಬುದು ದೋಷ ಸಿಕ್ಕ ಸಂಜೆಯೇ ಗೊತ್ತಾಗಿದೆ. 13 ಮತ್ತು 14ನೇ ದಿನ ಟೆಸ್ಟ್ ಮಾಡುವವರ ಕೈ ಖಾಲಿ ಇರುತ್ತದೆ ಎಂಬುದೂ ಕಾಣುತ್ತದೆ. ಆ ಎರಡು ದಿನ ಅವರು ಗುಮಾಸ್ತರ ಹಳೆಯ ಪುಸ್ತಕದಿಂದ ರೈತರ ಹೆಸರುಗಳನ್ನು ಏರಿಸಬಹುದು. ಹಳೆಯ `3SS+4d` ಇದ್ದಿದ್ದರೆ ಈ ದೋಷದಿಂದ ಚಾರ್ಟ್‌ನ ಕೊನೆಯ ದಿನಾಂಕ ಒಂದು ಕೂದಲೆಳೆಯಷ್ಟೂ ಕದಲುತ್ತಿರಲಿಲ್ಲ.

ಹಾಗಾದರೆ ಲ್ಯಾಗ್ ಬೇಡವೇ ಬೇಡವಾ? ಬೇಕು. ಯಾರೂ ಕೆಲಸ ಮಾಡದೆ ಬರೀ ಸಮಯ ಕಳೆಯಬೇಕಾದ ಕಡೆ ಅದರಷ್ಟು ಸರಿಯಾದದ್ದು ಇನ್ನೊಂದಿಲ್ಲ.

ಬಿಲ್ ಆದ ಕೂಡಲೇ ರೈತರ ಮೊಬೈಲ್‌ಗೆ ಎಸ್‌ಎಂಎಸ್ ಹೋಗಬೇಕು ಎಂದು ಮಿಲ್ ಮಾಲೀಕರು ಕೇಳಿದ್ದಾರೆ. ನಮ್ಮ ದೇಶದಲ್ಲಿ ವ್ಯಾಪಾರದ ಕಡೆಯಿಂದ ಹೀಗೆ ಎಸ್‌ಎಂಎಸ್ ಕಳಿಸಬೇಕಾದರೆ ಕಳಿಸುವವರ ಹೆಸರು ಮತ್ತು ಸಂದೇಶದ ನಮೂನೆ ಎರಡನ್ನೂ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಒಪ್ಪಿಗೆ ಬರುವವರೆಗೆ ಸಂದೇಶ ಹೋಗುವುದಿಲ್ಲ. ಅರ್ಜಿ ಹಾಕಲು ಒಂದು ದಿನದ ಕೆಲಸ. ಆಮೇಲೆ ನಾವು ಮಾಡುವುದೇನಿಲ್ಲ, ಕಾಯಬೇಕು. ಈ ಲೆಕ್ಕಕ್ಕೆ ಏಳು ದಿನ ಎಂದಿಟ್ಟುಕೊಳ್ಳೋಣ. ಒಪ್ಪಿಗೆ ಬಂದ ಮೇಲೆ ಕೋಡ್‌ಗೆ ಜೋಡಿಸಲು ಎರಡು ದಿನ.

ಯಾವ ಏಳು ದಿನ ಎಂಬುದನ್ನು ಇಲ್ಲಿ ಗಮನಿಸಬೇಕು. `+7d` ಎಂದರೆ ಕೆಲಸದ ಏಳು ದಿನ, ನಡುವಿನ ರಜೆಗಳನ್ನು ಬಿಟ್ಟು. `+7ed` ಎಂದರೆ ಕ್ಯಾಲೆಂಡರ್‌ನ ಏಳು ದಿನ, ಭಾನುವಾರವೂ ಸೇರಿ. ನಮ್ಮ ಅರ್ಜಿ 4ನೇ ದಿನ, ಗುರುವಾರ ಹೋಗುತ್ತದೆ. `7ed` ಹಾಕಿದರೆ ಮುಂದಿನ ಗುರುವಾರಕ್ಕೆ ಕಾಯುವುದು ಮುಗಿದು ಶುಕ್ರವಾರ, ಅಂದರೆ 11ನೇ ದಿನ, ಜೋಡಿಸುವ ಕೆಲಸ ಶುರು. `7d` ಹಾಕಿದರೆ ಶನಿವಾರ, 12ನೇ ದಿನ. ಇಲ್ಲಿ ವ್ಯತ್ಯಾಸ ಒಂದೇ ದಿನ. ಆದರೆ ಸಾಫ್ಟ್‌ವೇರ್‌ನ ಕ್ಯಾಲೆಂಡರ್ ಹೊಸದಾಗಿ ತೆರೆದಾಗ ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ ಕೆಲಸ ಎಂದುಕೊಂಡಿರುತ್ತದೆ. ಅದನ್ನು ಆರು ದಿನಕ್ಕೆ ಬದಲಾಯಿಸದೆ, ದಸರಾ ದೀಪಾವಳಿಯ ರಜೆಗಳನ್ನೂ ತುಂಬದೆ ಬಿಟ್ಟರೆ ಲ್ಯಾಗ್ ಮಾತ್ರವಲ್ಲ, ಎಲ್ಲ ಪಟ್ಟಿಗಳ ದಿನಾಂಕವೂ ತಪ್ಪುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಕಾಯುವಿಕೆ ಇದೆ. ಚೀಟಿಯ ನಮೂನೆಯನ್ನು ಮಿಲ್ ಮಾಲೀಕರು ನೋಡಿ ಒಪ್ಪಬೇಕು. ನಮ್ಮ ಲೆಕ್ಕದಲ್ಲಿ ಅದು ಮಾಹಿತಿ ಸಂಗ್ರಹದ ಮೂರು ದಿನದೊಳಗೇ ಸೇರಿದೆ. ಅದನ್ನು ಹೊರಗೆ ತೆಗೆದರೆ ಕೆಲವರು ಡೇಟಾಬೇಸ್‌ನ ಸಾಲಿನಲ್ಲಿ `1FS+2d` ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಇದು ಬೇಡ. ಲ್ಯಾಗ್‌ಗೆ ಹೆಸರಿಲ್ಲ, ಅದು ಪಟ್ಟಿಯಾಗಿ ಕಾಣುವುದಿಲ್ಲ, ಅದನ್ನು ಯಾರ ಹೆಗಲಿಗೂ ಹಾಕಲು ಬರುವುದಿಲ್ಲ. ಎರಡು ದಿನ ಕಳೆದರೆ ಒಪ್ಪಿಗೆ ಸಿಕ್ಕಿತು ಎಂದೇ ಚಾರ್ಟ್ ತಿಳಿಯುತ್ತದೆ. ಮಾಲೀಕರು ಮದುವೆಗೆಂದು ಸಿಂಧನೂರಿಗೆ ಹೋಗಿ ನಾಲ್ಕು ದಿನ ಕುಳಿತರೂ ಅದಕ್ಕೆ ಗೊತ್ತಾಗುವುದಿಲ್ಲ. ‘ಚೀಟಿ ನಮೂನೆಗೆ ಮಾಲೀಕರ ಒಪ್ಪಿಗೆ, 2 ದಿನ’ ಎಂದು ಒಂದು ಸಾಲೇ ಹಾಕಿ, ಅವರ ಹೆಸರನ್ನೂ ಬರೆಯಿರಿ. ಆಗ ಆ ಸಾಲು ಮುಗಿಯದೆ ಉಳಿದಿರುವುದು ಎಲ್ಲರ ಕಣ್ಣಿಗೆ ಬೀಳುತ್ತದೆ. ಒಬ್ಬರು ಫೋನ್ ಮಾಡಿ ನೆನಪಿಸಿದರೆ ಬೇಗ ಮುಗಿಯಬಹುದಾದ ಕಾಯುವಿಕೆ ಏನಿದ್ದರೂ ಅದು ಕೆಲಸದ ಸಾಲಾಗಬೇಕು ಎಂಬುದು ನನ್ನ ಅಳತೆ.

ಲ್ಯಾಗ್ ಅನ್ನು ಮೈನಸ್‌ನಲ್ಲೂ ಬರೆಯಬಹುದು. `8FS-2d` ಎಂದರೆ 8ನೇ ಸಾಲು ಮುಗಿಯಲು ಎರಡು ದಿನ ಇರುವಾಗಲೇ ಮುಂದಿನದು ಶುರು. ಇದಕ್ಕೆ ಲೀಡ್ ಎನ್ನುತ್ತಾರೆ. ಒಂದು ಕೆಲಸ ಯಾವಾಗ ಮುಗಿಯುತ್ತದೆ ಎಂದು ಮೊದಲೇ ಖಚಿತವಾಗಿ ಗೊತ್ತಿದ್ದರೆ ಮಾತ್ರ ‘ಮುಗಿಯಲು ಎರಡು ದಿನ ಮುಂಚೆ’ ಎಂಬ ಮಾತಿಗೆ ಅರ್ಥ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಅದು ಯಾರಿಗೂ ಗೊತ್ತಿರುವುದಿಲ್ಲ. ಬಿಟ್ಟುಬಿಡಿ.

ಎಸ್‌ಎಂಎಸ್ ಸಾಲುಗಳನ್ನು ಚಾರ್ಟ್‌ಗೆ ಸೇರಿಸೋಣ. ಅರ್ಜಿ 10ನೇ ಸಾಲು, ಜೋಡಣೆ 11ನೇ ಸಾಲು. ಟ್ರಯಲ್ ಶುರುವಾಗುವ ಮೊದಲು ಜೋಡಣೆ ಮುಗಿದಿರಬೇಕು, ಆದ್ದರಿಂದ 9ನೇ ಸಾಲಿಗೂ ಒಂದು ಬಾಣ.

```
9   ಮಿಲ್‌ನಲ್ಲಿ ಟ್ರಯಲ್      4d   8,11
10  ಎಸ್‌ಎಂಎಸ್ ಅರ್ಜಿ      1d   1
11  ಎಸ್‌ಎಂಎಸ್ ಜೋಡಣೆ    2d   10FS+7ed
```

ಬಾಣಗಳ ಲೆಕ್ಕದಲ್ಲಿ ಎಲ್ಲ ಸರಿ. ಜೋಡಣೆ 11 ಮತ್ತು 12ನೇ ದಿನ ಬಂದು ಕೂರುತ್ತದೆ. ಆದರೆ ಆ ದಿನಗಳಲ್ಲಿ ಕೋಡ್ ಬರೆಯುವವರು ಬಿಲ್ಲಿನ ಕೆಲಸದಲ್ಲಿ ಮುಳುಗಿದ್ದಾರೆ. ಇರುವುದು ಒಬ್ಬರೇ. ಬಾಣಗಳು ಕೆಲಸ ಕೆಲಸಗಳ ನಡುವಿನ ಮಾತು ಹೇಳುತ್ತವೆ, ಮನುಷ್ಯರ ಬಗ್ಗೆ ಏನೂ ಹೇಳುವುದಿಲ್ಲ. ಎರಡು ಪಟ್ಟಿ ಒಂದರ ಕೆಳಗೆ ಒಂದು ಬಂದ ಕಡೆಯಲ್ಲೆಲ್ಲ ಈ ಎರಡಕ್ಕೂ ಬೇರೆ ಬೇರೆ ಜನ ಇದ್ದಾರಾ ಎಂದು ಕೇಳಬೇಕು. ಒಬ್ಬರೇ ಆದರೆ ಆ ಎಸ್‌ಎಸ್ ಸುಳ್ಳು, ಅಥವಾ ಇಲ್ಲಿಯಂತೆ ಒಂದು ಬಾಣ ಕಡಿಮೆ ಬಿದ್ದಿದೆ.

ಸರಿಪಡಿಸಲು ಜೋಡಣೆಗೆ ಇನ್ನೊಂದು ಬಾಣ ಹಾಕುತ್ತೇವೆ, ಖಾತೆಯ ಕೋಡ್‌ನಿಂದ. ಈಗ 11ನೇ ಸಾಲಿನಲ್ಲಿ `10FS+7ed,5` ಎಂದಾಗುತ್ತದೆ. ಖಾತೆಯ ಕೋಡ್ 15ಕ್ಕೆ ಮುಗಿದು ಜೋಡಣೆ 16, 17ಕ್ಕೆ ಬರುತ್ತದೆ. ಆ ಎರಡು ದಿನ ಟೆಸ್ಟ್ ಮಾಡುವವರು ಖಾತೆಯನ್ನು ಪರೀಕ್ಷಿಸುತ್ತಿರುತ್ತಾರೆ. ಟ್ರಯಲ್ ಮೊದಲಿನ ಹಾಗೆ 18ಕ್ಕೇ ಶುರು. ಈ ಹೊಸ ಬಾಣ ಉಳಿದವುಗಳ ಜಾತಿಯದ್ದಲ್ಲ. ಖಾತೆಗೂ ಎಸ್‌ಎಂಎಸ್‌ಗೂ ತಾಂತ್ರಿಕವಾಗಿ ನಂಟಿಲ್ಲ. ಜನ ಸಾಲದು ಎಂಬುದಕ್ಕೆ ಮಾತ್ರ ಹಾಕಿದ್ದು. ಆ ಸಾಲಿನ ಟಿಪ್ಪಣಿಯಲ್ಲಿ ‘ಒಬ್ಬರೇ ಇರುವುದರಿಂದ’ ಎಂದು ಬರೆದಿಡಿ. ಇಲ್ಲದಿದ್ದರೆ ಆರು ತಿಂಗಳ ನಂತರ ಚಾರ್ಟ್ ತೆರೆದವರಿಗೆ ಯಾವ ಬಾಣ ಕೀಳಬಹುದು, ಯಾವುದನ್ನು ಮುಟ್ಟಬಾರದು ಎಂದು ತಿಳಿಯುವುದಿಲ್ಲ.

ಈ ಟಿಪ್ಪಣಿ ಬೇಗನೆ ಉಪಯೋಗಕ್ಕೆ ಬರುತ್ತದೆ. ಯಾಕೆಂದರೆ ಮಾಲೀಕರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: ‘ಇನ್ನೊಬ್ಬ ಹುಡುಗನ್ನ ಹಾಕ್ಕೊಂಡ್ರ ಬೇಗ ಆಗ್ತದೇನ್ರೀ?’ ಆ ಹುಡುಗನಿಗೆ ಎಸ್‌ಎಂಎಸ್ ಕೆಲಸ ಕೊಟ್ಟೆವು ಎಂದುಕೊಂಡು ಆ ಒಂದು ಬಾಣ ಕಿತ್ತು ನೋಡಿ. ಜೋಡಣೆ ಮತ್ತೆ 11, 12ಕ್ಕೆ ಹೋಗುತ್ತದೆ. ಟ್ರಯಲ್ ಮುಗಿಯುವ ದಿನ ಮಾತ್ರ 21ರಿಂದ ಕದಲುವುದಿಲ್ಲ. ಯಾಕೆಂದರೆ ಟ್ರಯಲ್ ಅನ್ನು ಖಾತೆಯ ಟೆಸ್ಟ್ ಕೂಡ 17ರವರೆಗೆ ಹಿಡಿದಿಟ್ಟಿದೆ. ಸಿಗುವುದು ಇಷ್ಟೇ: ಮೊದಲು ಎಸ್‌ಎಂಎಸ್ ಒಂದು ದಿನ ತಡವಾದರೂ ಟ್ರಯಲ್ ತಡವಾಗುತ್ತಿತ್ತು, ಈಗ ಐದು ದಿನ ತಡವಾದರೂ ತೊಂದರೆ ಇಲ್ಲ. ಆ ಐದು ದಿನದ ನೆಮ್ಮದಿಗೆ ಒಬ್ಬರ ಸಂಬಳ ಕೊಡಬೇಕೇ ಎಂಬುದನ್ನು ಮಾಲೀಕರು ನಿರ್ಧರಿಸಲಿ. ಬೇಗ ಮುಗಿಯಬೇಕು ಎಂಬುದೇ ಆಸೆಯಾದರೆ ಹೊಸಬರನ್ನು ಕೂರಿಸಬೇಕಾದದ್ದು ಚೀಟಿ, ಬಿಲ್, ಖಾತೆಗಳ ಸಾಲಿನಲ್ಲಿ. ಆಗ 3, 4, 5ನೇ ಸಾಲುಗಳ ನಡುವಿನ ಬಾಣಗಳನ್ನು ಒಂದೊಂದಾಗಿ ಹಿಡಿದು, ಇದು ನಿಜವಾಗಿ ಕೋಡ್‌ಗೆ ಬೇಕಾದ ಬಾಣವೋ ಅಥವಾ ಇದೂ ‘ಒಬ್ಬರೇ ಇರುವುದರಿಂದ’ ಹಾಕಿದ್ದೋ ಎಂದು ನೋಡಬೇಕಾಗುತ್ತದೆ. ಬಿಲ್‌ಗೆ ಚೀಟಿಯ ನಿವ್ವಳ ತೂಕ ಬೇಕೇ ಬೇಕು, ಆ ಬಾಣ ಉಳಿಯುತ್ತದೆ. ಖಾತೆಯ ರಿಪೋರ್ಟ್ ಮಾತ್ರ ಡೇಟಾಬೇಸ್ ಮುಗಿದ ಮೇಲೆ ಒಂದಿಷ್ಟು ಸುಳ್ಳು ಬಿಲ್‌ಗಳನ್ನು ತುಂಬಿಕೊಂಡು 6ನೇ ದಿನವೇ ಶುರುವಾಗಬಹುದು.